ಮನೆಯವರಿಗೆಲ್ಲ ರಾತ್ರಿ ತುರಿಕೆಯಾ? ಕಜ್ಜಿ ಮದ್ದನ್ನು ಎಲ್ಲರೂ ಒಂದೇ ರಾತ್ರಿ ಹಚ್ಚುವುದು ಹೀಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನ ಅಕ್ಕನ ಮನೆ. ಕಳೆದ ಮಳೆಗಾಲ ಅಲ್ಲಿ ಕಜ್ಜಿಗೆ ಎರಡು ಸಲ ಮದ್ದು ಹಚ್ಚಿದ್ರು, ಎರಡು ಸಲವೂ ತಿಂಗಳೊಳಗೆ ವಾಪಸ್ ಬಂತು, ಮೂರನೇ ಸಲ ಪೂರ್ತಿ ಹೋಯ್ತು. ಮೂರು ಸಲವೂ ಮದ್ದು ಅದೇ, 5 ಪರ್ಸೆಂಟ್ ಪರ್ಮೆಥ್ರಿನ್ ಕ್ರೀಮ್. ಮೊದಲ ಸಲ ಮಕ್ಕಳಿಬ್ಬರಿಗೆ ಮಾತ್ರ ಹಚ್ಚಿದ್ರು. ಎರಡನೇ ಸಲ ಮನೆಯಲ್ಲಿದ್ದ ಐದು ಜನರೂ ಹಚ್ಚಿದ್ರು, ಆದ್ರೆ ಒಬ್ಬೊಬ್ಬರು ಒಂದೊಂದು ದಿನ, ಮತ್ತೆ ಮಂಗಳೂರಲ್ಲಿ ಹಾಸ್ಟೆಲಿನಲ್ಲಿದ್ದು ಶನಿವಾರ ಮನೆಗೆ ಬರುವ ಬಾವನ ತಮ್ಮನನ್ನು ಬಿಟ್ಟೇ ಬಿಟ್ರು, ಯಾಕಂದ್ರೆ ಅವನಿಗೆ ತುರಿಕೆ ಇರ್ಲಿಲ್ಲ. ಇದೇ ತಪ್ಪನ್ನು ಇನ್ನೂ ನಾಲ್ಕೈದು ಮನೆಯಲ್ಲಿ ನೋಡಿದ್ದೇನೆ, ಹಾಗಾಗಿ ಬರೀತಿದ್ದೇನೆ.

ಮೊದಲು, ಇದು ಕಜ್ಜಿಯೇ ಹೌದಾ ಅಂತ ನೋಡಿ

ಸೊಳ್ಳೆ ಕಚ್ಚಿದ್ರೆ ಬಟ್ಟೆ ಮುಚ್ಚದ ಜಾಗದಲ್ಲಿ ತುರಿಸ್ತದೆ. ಕಜ್ಜಿ ಹಾಗಲ್ಲ, ಬೆರಳಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟದಲ್ಲಿ ಬಟ್ಟೆ ಬಿಗಿಯಾಗುವ ಜಾಗ, ತೊಡೆಸಂದು, ಪೃಷ್ಠ, ಹೆಂಗಸರಿಗೆ ಎದೆಯ ಕೆಳಭಾಗ, ಗಂಡಸರಿಗೆ ಗುಪ್ತಾಂಗದ ಮೇಲೆ ಸಣ್ಣ ಸಣ್ಣ ಗುಳ್ಳೆ. ಹಗಲು ತಡ್ಕೊಳ್ಳಬಹುದು, ರಾತ್ರಿ ಹೊದ್ದು ಮಲಗಿ ಮೈ ಬೆಚ್ಚಗಾದ ಮೇಲೆ ತಡೆಯಲಿಕ್ಕಾಗುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಹೀಗಾದ್ರೆ ಸಂಶಯ ಪಡಲೇಬೇಕು. ಅಕ್ಕನ ಮಗಳ ಬೆರಳಸಂದಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದಾಗ, ಪೆನ್ಸಿಲಿನಲ್ಲಿ ಅರ್ಧ ಸೆಂಟಿಮೀಟರ್ ಗೀಚಿದ ಹಾಗೆ ಬೂದು ಬಣ್ಣದ ಸೊಟ್ಟ ಗೆರೆ ಒಂದು ಕಂಡಿತು, ಅದರ ತುದಿಯಲ್ಲಿ ಚುಕ್ಕೆಯಷ್ಟು ಗುಳ್ಳೆ. ಕಜ್ಜಿ ಬರುವುದು ನುಸಿ ಅನ್ನುವ ತೀರಾ ಸಣ್ಣ ಹುಳದಿಂದ, ಹೆಣ್ಣು ನುಸಿ ಚರ್ಮದ ಮೇಲ್ಪದರದೊಳಗೆ ಕೊರೆದ ಸುರಂಗ ಅದು. ಅದರೊಳಗೆ ದಿನಕ್ಕೆ ಎರಡು ಮೂರು ಮೊಟ್ಟೆ ಇಡ್ತಾ ಹೋಗ್ತದೆ.

ಆ ಗೆರೆ ಎಲ್ಲರಲ್ಲೂ ಕಾಣುವುದಿಲ್ಲ, ಹಾಗಾಗಿ ಒಮ್ಮೆ ಡಾಕ್ಟರಿಗೆ ತೋರಿಸಿ, ಆದ್ರೆ ಹೆಚ್ಚು ತುರಿಸುವವರನ್ನು ಮಾತ್ರ ಕರ್ಕೊಂಡು ಹೋಗಿ ಬರಬೇಡಿ. ಡಾಕ್ಟರು ಮಲಯಾಳದಲ್ಲಿ "ವೀಟಿಲ್ ವೇರೆ ಆರ್ಕೆಂಗಿಲುಂ ಚೊರಿಚ್ಚಿಲ್ ಉಂಡೋ", ಅಂದ್ರೆ ಮನೆಯಲ್ಲಿ ಬೇರೆ ಯಾರಿಗಾದ್ರೂ ತುರಿಕೆ ಉಂಟಾ ಅಂತ ಕೇಳಿದ್ರೆ ಸುಮ್ಮನೆ ಇಲ್ಲ ಅನ್ನಬೇಡಿ, ಮನೆಯಲ್ಲಿ ಎಷ್ಟು ಜನ, ಯಾರ್ಯಾರ ವಯಸ್ಸೆಷ್ಟು, ಬಸುರಿಯರಿದ್ದಾರಾ, ಹಸುಗೂಸು ಉಂಟಾ, ಎಲ್ಲ ಹೇಳಿ. ಎರಡು ತಿಂಗಳೊಳಗಿನ ಮಗುವಿಗೆ ಈ ಕ್ರೀಮನ್ನು ನೀವೇ ಹಚ್ಚುವ ಹಾಗಿಲ್ಲ. ಕಜ್ಜಿಗಿರುವ ಐವರ್ಮೆಕ್ಟಿನ್ ಮಾತ್ರೆಯನ್ನು ತೂಕ ನೋಡಿ ಡಾಕ್ಟರೇ ಕೊಡಬೇಕು, 15 ಕಿಲೋಗಿಂತ ಕಮ್ಮಿ ತೂಕದ ಮಕ್ಕಳಿಗೂ ಬಸುರಿಯರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತ ಮಾತ್ರ ಕೇಳಬೇಡಿ. ಅಕ್ಕನಿಗೆ ಶುರುವಿನಲ್ಲಿ ಒಂದು ಅಂಗಡಿಯಲ್ಲಿ ಹಾಗೇ ಕೊಟ್ಟದ್ದು ಸ್ಟಿರಾಯ್ಡ್, ಫಂಗಸ್ ಮದ್ದು, ಆ್ಯಂಟಿಬಯೋಟಿಕ್ ಮೂರೂ ಸೇರಿದ ಕ್ರೀಮ್. ನಾಲ್ಕು ದಿನ ತುರಿಕೆ ಕಮ್ಮಿಯಾಯ್ತು, ನುಸಿ ಮಾತ್ರ ಒಳಗೇ ಹೆಚ್ಚಾಯ್ತು, ಗುಳ್ಳೆಯ ರೂಪವೇ ಬದಲಾಗಿ ಡಾಕ್ಟರಿಗೂ ಗುರುತು ಸಿಗಲಿಕ್ಕೆ ಕಷ್ಟವಾಯ್ತು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಂತ ಸ್ಟಿರಾಯ್ಡಿನ ಹೆಸರು ಇದ್ರೆ ಕಜ್ಜಿಗೆ ತರಲೇಬೇಡಿ. 1 ಪರ್ಸೆಂಟ್ ಪರ್ಮೆಥ್ರಿನ್ ತಲೆಹೇನಿನದ್ದು, ಕಜ್ಜಿಗೆ ಸಾಲುವುದಿಲ್ಲ. ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಅಂತ ಹಳೇ ಲೋಷನ್ ಉಂಟು, ಅದು ನರಗಳಿಗೆ ತೊಂದರೆ ಕೊಡಬಹುದು, ಮಕ್ಕಳಿರುವ ಮನೆಗೆ ನಾನು ಅದನ್ನು ತರುವುದಿಲ್ಲ, ನೀವೂ ತರಬೇಡಿ.

ಲೆಕ್ಕ ಹಾಕಿ, ಒಂದು ದಿನ ನಿಶ್ಚಯ ಮಾಡಿ

ದೊಡ್ಡವರಿಗೆ ಒಂದು ಸಲಕ್ಕೆ 30 ಗ್ರಾಂನ ಒಂದು ಪೂರ್ತಿ ಟ್ಯೂಬ್ ಬೇಕು. 5ರಿಂದ 12 ವರ್ಷದವರಿಗೆ ಹೆಚ್ಚೆಂದರೆ ಅರ್ಧ, ಅದಕ್ಕಿಂತ ಸಣ್ಣವರಿಗೆ ಕಾಲು ಟ್ಯೂಬ್. ಅಕ್ಕನ ಮನೆಯಲ್ಲಿ ಅಕ್ಕ, ಬಾವ, ಅತ್ತೆ, ಮೈದುನ ನಾಲ್ಕು ಜನಕ್ಕೆ ನಾಲ್ಕು, 9 ವರ್ಷದ ಮಗಳಿಗೆ ಅರ್ಧ, 4 ವರ್ಷದ ಮಗನಿಗೆ ಕಾಲು, ಒಟ್ಟು ಐದು ಟ್ಯೂಬ್. ಒಂದು ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು, ಅಲ್ಲಿಗೆ ಹತ್ತು. ಮೊದಲ ಸಲ ಅವರು ತಂದದ್ದು ಎರಡು.

ತುರಿಕೆ ಇಲ್ಲದವರೂ ಯಾಕೆ ಹಚ್ಚಬೇಕು? ಈ ತುರಿಕೆ ನುಸಿ ಕಚ್ಚಿದ್ದಕ್ಕೆ ಬರುವುದಲ್ಲ, ನುಸಿ, ಅದರ ಮೊಟ್ಟೆ, ಹಿಕ್ಕೆ ಇವಕ್ಕೆ ಮೈ ತೋರಿಸುವ ಅಲರ್ಜಿ. ಮೊದಲ ಸಲ ಹತ್ತಿದವರಿಗೆ ಅದು ಶುರುವಾಗಲಿಕ್ಕೆ ನಾಲ್ಕರಿಂದ ಆರು ವಾರ ಬೇಕಾಗ್ತದೆ. ಅಷ್ಟು ದಿನ ಆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ, ಆದ್ರೆ ಪಕ್ಕದಲ್ಲಿ ಮಲಗಿದವರಿಗೆ ಹತ್ತಿಸ್ತಾನೆ. ಶನಿವಾರ ರಾತ್ರಿ ಅಣ್ಣನ ಮಗನನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವ ಆ ಮೈದುನನಿಗೆ ಎರಡನೇ ಸಲದ ಮದ್ದು ಮುಗಿದು ಎರಡು ವಾರ ಕಳೆದ ಮೇಲೆ ತುರಿಕೆ ಶುರುವಾದದ್ದು! ಒಂದೇ ಕೋಣೆಯಲ್ಲಿ ಮಲಗುವವರು, ಮಗುವನ್ನು ದಿನಾ ಎತ್ತಿಕೊಳ್ಳುವವರು, ವಾರಕ್ಕೊಮ್ಮೆ ಬರುವವರು ಎಲ್ಲರೂ ಲೆಕ್ಕಕ್ಕೆ ಸೇರಬೇಕು. ಇವರೆಲ್ಲ ಮನೆಯಲ್ಲಿರುವ ರಾತ್ರಿಯನ್ನೇ ನಿಶ್ಚಯ ಮಾಡಿ, ಅಕ್ಕನ ಮನೆಯಲ್ಲಿ ಮೂರನೇ ಸಲ ಅದು ಶನಿವಾರ. ಹಾಸ್ಟೆಲಿನಲ್ಲಿ ಅವನ ರೂಮ್‌ಮೇಟಿಗೂ ಹೇಳಬೇಕು, ನಾಚಿಕೆ ಪಟ್ಟರೆ ಮುಂದಿನ ಶನಿವಾರ ಅದು ಮನೆಗೇ ಬರ್ತದೆ.

ಹಚ್ಚುವ ರಾತ್ರಿ

ಇಲ್ಲೇ ಹೆಚ್ಚಿನವರು ತಪ್ಪುವುದು. ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚಿದ್ರೆ ಹಚ್ಚದ ಹಾಗೆಯೇ. ಒಬ್ಬರ ಮೈಯಲ್ಲಿ ಸಾಮಾನ್ಯವಾಗಿ ಇರುವುದೇ ಹತ್ತು ಹದಿನೈದು ನುಸಿ, ಅವು ಗುಳ್ಳೆ ಇರುವಲ್ಲೇ ಇರಬೇಕು ಅಂತ ಇಲ್ಲ, ಒಂದು ಹೆಣ್ಣು ಉಳಿದ್ರೂ ಪುನಃ ಶುರು.

ಸಂಜೆ ಎಲ್ಲರ ಉಗುರು ಕತ್ತರಿಸಿ. ಸ್ನಾನ ಮಾಡುವುದಾದ್ರೆ ಬೇಗ ಮಾಡಿ, ಹಂಡೆಯ ಬಿಸಿನೀರು ಹೊಯ್ದುಕೊಂಡು ಹಾಗೇ ಬಂದು ಹಚ್ಚಬೇಡಿ, ಮೈ ಒಣಗಿ ತಣ್ಣಗಾಗಿರಬೇಕು. ರಾತ್ರಿ ಊಟ ಆಗಿ ಪಾತ್ರೆಯೆಲ್ಲ ತೊಳೆದಾದ ಮೇಲೆ, ಸುಮಾರು ಒಂಬತ್ತಕ್ಕೆ, ಕಿವಿಯ ಹಿಂದೆ ಮತ್ತು ಕುತ್ತಿಗೆಯಿಂದ ಶುರು ಮಾಡಿ ಕೆಳಗೆ ಹೋಗಿ. ಕಂಕುಳು, ಹೊಕ್ಕುಳೊಳಗೆ, ತೊಡೆಸಂದು, ಪೃಷ್ಠದ ಸಂದು, ಗುಪ್ತಾಂಗದ ಹೊರಗಿನ ಚರ್ಮ, ಮೊಣಕಾಲ ಹಿಂದೆ, ಕಾಲ್ಬೆರಳ ಸಂದು, ಅಂಗಾಲು. ಬೆನ್ನಿಗೆ ನಿಮ್ಮ ಕೈ ಎಟಕುವುದಿಲ್ಲ, ಬೇರೆಯವರಿಂದಲೇ ಹಚ್ಚಿಸಿಕೊಳ್ಳಿ. ಉಂಗುರ, ಬಳೆ, ಸೊಂಟದ ಉಡಿದಾರ ಆಚೀಚೆ ಸರಿಸಿ ಅದರ ಅಡಿಗೂ ಹಚ್ಚಿ. ಉಗುರಿನ ಅಡಿಗೆ ಹಳೇ ಟೂತ್‌ಬ್ರಷಿನಲ್ಲಿ ಕ್ರೀಮ್ ಉಜ್ಜಿ, ತುರಿಸಿದಾಗ ನುಸಿ ಮೊಟ್ಟೆ ಎಲ್ಲ ಕೂರುವುದೇ ಅಲ್ಲಿ, ಆಮೇಲೆ ಆ ಬ್ರಷ್ ಬಿಸಾಡಿ. ಸಣ್ಣ ಮಕ್ಕಳಿಗೂ ವಯಸ್ಸಾದವರಿಗೂ ತಲೆಬುರುಡೆ, ಹಣೆ, ಕೆನ್ನೆಗೂ ತೆಳುವಾಗಿ ಹಚ್ಚಬೇಕು, ಕಣ್ಣು ಬಾಯಿಯ ಹತ್ತಿರ ಬೇಡ. ಮಗು ಬೆರಳು ಚೀಪ್ತದೆ ಅಂತಾದ್ರೆ ಕೈಗೆ ಸಾಕ್ಸ್ ಹಾಕಿ.

ಆಮೇಲೆ ಬೆಳಿಗ್ಗೆ ಏಳರವರೆಗೆ ಹಾಗೇ ಇರಲಿ. ಕಮ್ಮಿಯೆಂದರೆ ಎಂಟು ಗಂಟೆ, ಹೆಚ್ಚೆಂದರೆ ಹದಿನಾಲ್ಕು. ರಾತ್ರಿ ಬಾತ್‌ರೂಮಿಗೆ ಹೋಗಿ ಕೈ ತೊಳೆದ್ರೆ ಕೈಗೆ ಪುನಃ ಹಚ್ಚಿ. ಅಕ್ಕನ ಅತ್ತೆ ಎರಡನೇ ಸಲ ಐದು ಗಂಟೆಗೇ ಎದ್ದು ಕೈಕಾಲು ತೊಳೆದು ದೇವರಿಗೆ ಹೂ ಕೊಯ್ಯಲಿಕ್ಕೆ ಹೋಗಿದ್ರು, ಮೂರನೇ ಸಲ ಆ ಒಂದು ದಿನ ಏಳು ಗಂಟೆಯ ಸ್ನಾನ ಆದ ಮೇಲೆ ಹೂ ಕೊಯ್ಯುವ ಕೆಲಸ ಮೊಮ್ಮಗಳು ಮಾಡಿದಳು.

ಬೇವಿನಸೊಪ್ಪು, ಗಂಧಕದ ಸೋಪು, ಅರಸಿನ ಇದೆಲ್ಲ ಕ್ರೀಮಿನ ಬದಲಿಗೆ ಆಗುವುದಿಲ್ಲ.

ಹಾಸಿಗೆ ಬಟ್ಟೆ

1940ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಅನ್ನುವ ವಿಜ್ಞಾನಿ, ಕಜ್ಜಿ ಇದ್ದವರು ಬಳಸಿದ ಹೊದಿಕೆಯಲ್ಲಿ ಆರೋಗ್ಯವಂತರನ್ನು ಮಲಗಿಸಿ ನೋಡಿದ್ರು, ಹತ್ತಿದ್ದು ತೀರಾ ಕೆಲವರಿಗೆ. ಮೈಗೆ ಮೈ ತಾಗಿಯೇ ಇದು ಮುಖ್ಯವಾಗಿ ಹರಡುವುದು. ಹಾಗಾಗಿ ಇಡೀ ಮನೆ ತೊಳೆದು ಸುಸ್ತಾಗಿ ಕ್ರೀಮನ್ನು ಅರ್ಧಂಬರ್ಧ ಹಚ್ಚಬೇಡಿ. ಹಿಂದಿನ ಮೂರು ದಿನದಲ್ಲಿ ಮೈಗೆ ತಾಗಿದ ಬೆಡ್‌ಶೀಟು, ತಲೆದಿಂಬಿನ ಕವರು, ಹೊದಿಕೆ, ಬೈರಾಸು, ಹಾಕಿದ ಬಟ್ಟೆ ಇಷ್ಟು ಸಾಕು. ಕಪಾಟಿನಲ್ಲಿ ವಾರದಿಂದ ಮಡಚಿಟ್ಟದ್ದನ್ನು ತೊಳೆಯುವುದು ಬೇಡ, ಅದನ್ನೇ ಆ ರಾತ್ರಿ ಹಾಸಿ.

ಬರೀ ತಣ್ಣೀರಿನ ವಾಷಿಂಗ್ ಮೆಷಿನಿಗೆ ಹಾಕಿದ್ರೆ ಸಾಲುವುದಿಲ್ಲ. ನುಸಿ, ಮೊಟ್ಟೆ ಎರಡೂ ಸಾಯಲಿಕ್ಕೆ 50 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಕು. ನಮ್ಮಲ್ಲಿ ಬಚ್ಚಲಿನ ಹಂಡೆ ಇರುವಾಗ ಥರ್ಮಾಮೀಟರ್ ಯಾಕೆ, ಕುದಿಯುವ ನೀರು ಬಕೆಟಿಗೆ ಹೊಯ್ದು, ಎರಡೆರಡೇ ಬಟ್ಟೆ ಕೋಲಿನಲ್ಲಿ ಪೂರ್ತಿ ಮುಳುಗಿಸಿ, ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ತೆಗೆಯುವಾಗಲೂ ನೀರು ಕೈ ಇಟ್ಟುಕೊಳ್ಳಲಿಕ್ಕಾಗದಷ್ಟು ಬಿಸಿ ಇರಬೇಕು. ದಪ್ಪ ಹೊದಿಕೆಗಳನ್ನು ಒಟ್ಟಿಗೆ ತುರುಕಿದ್ರೆ ನೀರು ಕೂಡ್ಲೇ ಆರ್ತದೆ, ಅಕ್ಕ ಮೊದಲ ಸಲ ಮಾಡಿದ್ದು ಅದೇ. ಆಮೇಲೆ ಮಾಮೂಲಿನಂತೆ ಸೋಪು ಹಾಕಿ ಒಗೆಯಿರಿ. ಮಕ್ಕಳನ್ನು ಬಚ್ಚಲಿನ ಹತ್ತಿರ ಬಿಡಬೇಡಿ.

ಕಂಬಳಿ, ಸ್ವೆಟರ್, ಬೊಂಬೆ ಇಂಥ ಬಿಸಿನೀರಿಗೆ ಹಾಕಲಾಗದ್ದನ್ನು ದೊಡ್ಡ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿಡಿ. ಮೈಯಿಂದ ಹೊರಗೆ ನುಸಿ ಎರಡು ಮೂರು ದಿನದಲ್ಲಿ ಸಾಯ್ತದೆ, ಆದ್ರೆ ತಂಪು, ತೇವ ಇದ್ರೆ ಇನ್ನೂ ಕೆಲವು ದಿನ ಬದುಕ್ತದೆ, ಹಾಗಾಗಿ ನಮ್ಮ ಜುಲೈ ಮಳೆಗೆ ಒಂದು ವಾರವೇ ಇಡಿ ಅಂತ ನಾನು ಹೇಳುವುದು. ಹಾಸಿಗೆಯನ್ನೂ ಅಷ್ಟು ದಿನ ಗೋಡೆಗೆ ಒರಗಿಸಿ, ಚಾಪೆಯಲ್ಲಿ ಮಲಗಿ. ಹಾಸಿಗೆಗೆ ಕೀಟನಾಶಕ ಸ್ಪ್ರೇ ಬೇಡವೇ ಬೇಡ. ಬೆಳಿಗ್ಗೆ ಸ್ನಾನ ಆದ ಮೇಲೆ ರಾತ್ರಿಯ ಬಟ್ಟೆ, ಶೀಟೂ ಹಂಡೆಯ ನೀರಿಗೆ.

ಆಮೇಲೆ

ಏಳು ದಿನಕ್ಕೆ ಇದೆಲ್ಲವನ್ನೂ ಎಲ್ಲರೂ ಪುನಃ ಒಂದೇ ರಾತ್ರಿ ಮಾಡಬೇಕು, ಉಳಿದ ಮೊಟ್ಟೆ ಒಡೆದು ಬಂದ ಮರಿಗಳು ದೊಡ್ಡದಾಗಿ ಮೊಟ್ಟೆ ಇಡುವ ಮೊದಲೇ.

ನುಸಿ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಸ್ತದೆ, ಯಾಕಂದ್ರೆ ಸತ್ತ ನುಸಿ ಚರ್ಮದೊಳಗೇ ಉಂಟು. ಮದ್ದು ಹಿಡಿಯಲಿಲ್ಲ ಅಂತ ದಿನಾ ಕ್ರೀಮ್ ಹಚ್ಚಿದ್ರೆ ಚರ್ಮ ಒಣಗಿ ಉರಿದು ತುರಿಕೆ ಇನ್ನೂ ಜಾಸ್ತಿ. ತುರಿಕೆಗೆ ಮಾತ್ರೆ ಡಾಕ್ಟರ್ ಕೊಡ್ತಾರೆ. ನೋಡಬೇಕಾದ್ದು ಹೊಸ ಗುಳ್ಳೆ, ಹೊಸ ಗೆರೆ. ನಾಲ್ಕು ವಾರ ಆದ ಮೇಲೂ ಬರ್ತಾ ಇದ್ರೆ ಯಾರೋ ಬಿಟ್ಟುಹೋಗಿದ್ದಾರೆ ಅಥವಾ ಎಲ್ಲೋ ಹಚ್ಚಲಿಲ್ಲ, ಡಾಕ್ಟರ ಹತ್ತಿರ ಪುನಃ ಹೋಗಿ. ಗುಳ್ಳೆಯಲ್ಲಿ ಕೀವು, ಹಳದಿ ಹಕ್ಕಳೆ, ಜ್ವರ ಇದ್ರೆ ಅಷ್ಟು ದಿನ ಕಾಯಬೇಡಿ. ಮಗುವಿನ ಮುಖ ಊದಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದ್ರೆ ಅದೇ ದಿನ ಆಸ್ಪತ್ರೆಗೆ, ಕೀವಿನ ರೋಗಾಣುವಿನಿಂದ ಕಿಡ್ನಿಗೆ ಪೆಟ್ಟು ಬಿದ್ದದ್ದಿರಬಹುದು.

ಅಕ್ಕನ ಮಗ ಎರಡನೇ ಶನಿವಾರದ ಕ್ರೀಮ್ ಆದ ಮೇಲೂ ಹತ್ತು ದಿನ ರಾತ್ರಿ ಎದ್ದು ಕೈ ಉಜ್ಜುತ್ತಿದ್ದ. ಅಕ್ಕ ಹೆದರಿ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ, ಬೆರಳಸಂದಲ್ಲಿ ಹೊಸ ಗೆರೆ ಉಂಟಾ ಅಂತ. ಇರಲಿಲ್ಲ. ಮೂರನೇ ವಾರದಿಂದ ಅವನು ಬೆಳಗಿನವರೆಗೆ ಮಲಗಿದ.