ಸ್ವಾಹಿಲಿಯ ನಾಮಪದಗಳನ್ನು ನಾನು ಗುಂಪು ಮಾಡಿಕೊಂಡದ್ದು

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಭಾಷೆ ಸ್ವಾಹಿಲಿ ಕಲಿತೆ. ಅದರ ವ್ಯಾಕರಣದಲ್ಲಿ ಗಂಡು ಹೆಣ್ಣಿನ ಭೇದವೇ ಇಲ್ಲ. 'ಅಮೆಫಿಕ' ಅಂದರೆ ಬಂದು ತಲುಪಿದ ಅಂತಲೂ ಹೌದು, ತಲುಪಿದಳು ಅಂತಲೂ ಹೌದು. ಅದರ ಬದಲು ನಾಮಪದಗಳೆಲ್ಲ ಹತ್ತಾರು ವರ್ಗಗಳಲ್ಲಿ ಹಂಚಿಹೋಗಿವೆ. ಗುಣವಾಚಕ, ಕ್ರಿಯಾಪದ, 'ನನ್ನ' ಅನ್ನುವ ಪದ, ಎಲ್ಲವೂ ಆ ವರ್ಗಕ್ಕೆ ತಕ್ಕಂತೆ ಬದಲಾಗುತ್ತವೆ.

ನಮ್ಮ ಕನ್ನಡದಲ್ಲಿ ಲಿಂಗ ತಿಳಿಯಲು ಅರ್ಥ ಗೊತ್ತಿದ್ದರೆ ಸಾಕು, ಪದದ ರೂಪ ನೋಡಬೇಕಾಗಿಲ್ಲ. ಸ್ವಾಹಿಲಿಯಲ್ಲಿ ಎರಡನ್ನೂ ನೋಡಬೇಕು. 'ಕಿತಾಬು' ತಗೊಳ್ಳಿ. ಅರಬ್ಬಿಯಿಂದ ಬಂದ ಪದ, ಅಲ್ಲಿ 'ಕಿ' ಮೂಲ ಪದದ್ದೇ ಭಾಗ. ಸ್ವಾಹಿಲಿಯವರಿಗೆ ಅದು ತಮ್ಮ 'ಕಿ' ವರ್ಗದ ಗುರುತಿನಂತೆ ಕೇಳಿಸಿತು. ಆ ವರ್ಗದಲ್ಲಿ ಬಹುವಚನಕ್ಕೆ 'ಕಿ' ಹೋಗಿ 'ವಿ' ಬರುತ್ತದೆ, ಹಾಗಾಗಿ ಇದರ ಬಹುವಚನ 'ವಿತಾಬು' ಆಯಿತು. ನನ್ನ ಪುಸ್ತಕ ಕಳೆದುಹೋಗಿದೆ ಅನ್ನಲು 'ಕಿತಾಬು ಚಂಗು ಕಿಮೆಪೊತೆಯ', ಪುಸ್ತಕಗಳು ಅಂದರೆ 'ವಿತಾಬು ವ್ಯಂಗು ವಿಮೆಪೊತೆಯ'. ಇಲ್ಲಿ ವರ್ಗ ಕೊಟ್ಟದ್ದು ಪೂರ್ತಿ ರೂಪವೇ.

ಆದರೆ 'ಕಿಬೊಕೊ' ಬಂದಾಗ ಅರ್ಥ ಮೇಲುಗೈ ಪಡೆಯುತ್ತದೆ. ಅದಕ್ಕೆ ನೀರಾನೆ ಅಂತಲೂ ಅರ್ಥ, ಚಾಟಿ ಅಂತಲೂ ಅರ್ಥ. ದೊಡ್ಡ ಚಾಟಿ ಕಳೆದುಹೋಗಿದ್ದರೆ 'ಕಿಬೊಕೊ ಕಿಕುಬ್ವ ಕಿಮೆಪೊತೆಯ'. ದೊಡ್ಡ ನೀರಾನೆಯಾದರೆ 'ಕಿಬೊಕೊ ಮ್ಕುಬ್ವ ಅಮೆಪೊತೆಯ', ಮನುಷ್ಯರಿಗೆ ಹೇಳುವ ಹಾಗೇ. ಜೀವ ಇರುವುದರಿಂದ ಜೊತೆಯ ಪದಗಳೆಲ್ಲ ಜೀವಿಗಳ ವರ್ಗಕ್ಕೆ ಜಿಗಿಯುತ್ತವೆ. ಆದರೂ ಬಹುವಚನದಲ್ಲಿ ನೀರಾನೆಗಳು 'ವಿಬೊಕೊ'ನೇ. ಅಂದರೆ ನಾಮಪದದ ತಲೆ ರೂಪದ ಮಾತು ಕೇಳುತ್ತದೆ, ಉಳಿದ ವಾಕ್ಯ ಅರ್ಥದ ಮಾತು ಕೇಳುತ್ತದೆ. ನಾಯಕ ಅನ್ನುವ 'ಕಿಯೊಂಗೊಜಿ' ಕೂಡ ಹೀಗೇ. ನನಗೆ ಈ ಭಾಷೆಯಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು.

ಅದಕ್ಕೇ ನೋಟ್‌ಬುಕ್ಕಿನಲ್ಲಿ ಪದವನ್ನು ಸುಮ್ನೆ ಒಂಟಿಯಾಗಿ ಬರೆಯುತ್ತಿರಲಿಲ್ಲ. 'ನನ್ನ' ಸೇರಿಸಿ, ಒಂದು ಕ್ರಿಯಾಪದ ಸೇರಿಸಿ, ಏಕವಚನ ಬಹುವಚನ ಎರಡರಲ್ಲೂ ಚಿಕ್ಕ ವಾಕ್ಯ ಹೇಳಿಸಿಕೊಂಡು ಬರೆಯುತ್ತಿದ್ದೆ. ಏಕವಚನದಲ್ಲಿ ಗುರುತೇ ಇಲ್ಲದ ಪದಗಳಿಗೆ ಇದು ಬೇಕೇ ಬೇಕು. ನಮಗೆ ಪರಿಚಯವಿರುವ 'ಚಾಯ್', 'ಗಾರಿ' ನೋಡಿ. ಎರಡೂ ಹೊರಗಿನಿಂದ ಬಂದವು. ಆದರೆ 'ಚಾಯ್ ಯಂಗು', 'ಗಾರಿ ಲಂಗು'. ಗಾಡಿಗಳು ಅಂದಾಗ 'ಮಗಾರಿ ಯಂಗು'. ಬರೀ 'ಯಂಗು' ಕೇಳಿ ವರ್ಗ ಹೇಳಲು ಆಗಲ್ಲ, ಅಲ್ವಾ?

ಕ್ರಿಯಾಪದ ಒಂದನ್ನೇ ನಂಬಿದರೂ ಸಾಲದು. ಸ್ನೇಹಿತ ಅನ್ನುವ 'ರಫಿಕಿ' ಮನುಷ್ಯ ತಾನೇ, ಕ್ರಿಯಾಪದ 'ಅಮೆಫಿಕ' ಅಂತಲೇ ಬರುತ್ತದೆ. ಆದರೆ ನನ್ನ ಸ್ನೇಹಿತ 'ರಫಿಕಿ ಯಂಗು', ಚಹಾಕ್ಕೆ ಬಂದ ಅದೇ 'ಯಂಗು'. ಅಪ್ಪ 'ಬಾಬಾ ಯಂಗು', ಅಮ್ಮ 'ಮಾಮಾ ಯಂಗು'. ನಾಯಿಗೆ ಮಾತ್ರ 'ಮ್ಬ್ವ ವಂಗು', ಜೀವಿಗಳ ವರ್ಗದ್ದು. ನಂಟು ಹೇಳುವ ಇಂಥ ಪದಗಳಿಗೆ ನಾನು ಬೇರೆಯೇ ಒಂದು ಪುಟ ಇಟ್ಟುಕೊಂಡೆ.