ಹಳೇ ಸಾಹೇಬರ ರೆಫರೆನ್ಸ್ ಲೆಟರ್: ಖಾಲಿ ಜಾಗ ಬಿಟ್ಟ ಮೇಲೆ ಕೆಲಸ ಆಯಿತು

ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿಯಲ್ಲಿ ಆರು ವರ್ಷ ಇದ್ದೆ. ಬಿಟ್ಟು ಈಗ ಮೂರು ವರ್ಷದ ಮೇಲಾಯಿತು. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಎರಡೂ ನನ್ನ ಹತ್ತಿರ ಇದ್ದವು. ಅವುಗಳಲ್ಲಿ ಎಷ್ಟು ಇರುತ್ತೆ ಅಂತ ನಿಮಗೂ ಗೊತ್ತು: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಹುದ್ದೆ, ಕೊನೆಗೆ ನಡತೆ ಚೆನ್ನಾಗಿತ್ತು ಅನ್ನೋ ಒಂದು ಸಾಲು. ಪುಣೆ ಕಡೆಯ ಒಂದು ಕಂಪನಿ ಕೇಳಿದ್ದು ಬೇರೆ. ನಿಮ್ಮ ಕೆಲಸ ಕಣ್ಣಾರೆ ನೋಡಿದ ಮ್ಯಾನೇಜರ್ ಒಬ್ಬರಿಂದ ಪತ್ರ ಬೇಕು ಅಂದರು.

ನಮ್ಮ ಸಾಹೇಬರು ಅಷ್ಟರಲ್ಲಿ ಆ ಫೌಂಡ್ರಿ ಬಿಟ್ಟು ಹುಬ್ಬಳ್ಳಿಯಲ್ಲಿ ಬೇರೆ ಯೂನಿಟ್ ಸೇರಿದ್ದರು. ಗೆಳೆಯರೆಲ್ಲ ಒಂದೇ ಮಾತು ಹೇಳಿದರು. "ಕಂಪನಿ ಬಿಟ್ಟಾವ್ರ ಪತ್ರಕ್ಕ ಏನ್ ಕಿಮ್ಮತ್ತೋ? ಲೆಟರ್‌ಹೆಡ್ ಇಲ್ದ ಯಾರ್ ನೋಡ್ತಾರ?" ಆ ಮಾತು ತಪ್ಪು ಅಂತ ತೋರಿಸೋಕೆ ನನಗೆ ಒಂದೂವರೆ ವರ್ಷ, ಒಂದು ಕೆಲಸ, ಐದಾರು ಸಾವಿರ ರೂಪಾಯಿ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ವಾಟ್ಸಾಪ್‌ನಲ್ಲಿ ಒಂದೇ ಸಾಲು ಹಾಕಿದೆ: "ಸರ್, ನನಗೊಂದು ರೆಫರೆನ್ಸ್ ಲೆಟರ್ ಬೇಕಿತ್ತು, ಅರ್ಜೆಂಟ್." ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಹದಿನೈದು ದಿನ ಕಾದು ಮತ್ತೆ ಹಾಕಿದೆ. "ನೋಡೋಣು" ಅಂತ ಬಂತು. ನಮ್ಮ ಕಡೆ ನೋಡೋಣು ಅಂದರೆ ಏನು ಅಂತ ಗೊತ್ತಿದ್ದೂ ನಾನು ಅದನ್ನ ಹೂಂ ಅಂತ ತಿಳಿದುಕೊಂಡು ಕೂತೆ. ಕಂಪನಿ ಕೊಟ್ಟಿದ್ದ ಕೊನೇ ದಿನ ದಾಟಿತು. ಆ ಕೆಲಸದಲ್ಲಿ ತಿಂಗಳಿಗೆ ಹತ್ತು ಹನ್ನೊಂದು ಸಾವಿರ ಜಾಸ್ತಿ ಬರುತ್ತಿತ್ತು.

ಎರಡನೇ ಸಲ, ಬೇರೆ ಕಂಪನಿಗೆ, ಅವರ ಮನೆಗೇ ಹೋದೆ. ಭಾನುವಾರ ಬೆಳಿಗ್ಗೆ ಒಂದು ಕಿಲೋ ಕುಂದಾ ಹಿಡಿದುಕೊಂಡು ಹುಬ್ಬಳ್ಳಿ ಬಸ್ ಹತ್ತಿದೆ. ಚಹಾ ಆಯಿತು, ಮಕ್ಕಳ ಓದಿನ ವಿಷಯ ಆಯಿತು. ಪತ್ರದ ಮಾತು ತೆಗೆದ ಕೂಡಲೇ ಅವರ ಮುಖ ಬಿಗಿಯಾಯಿತು. ಎದುರಿಗೆ ಕೂತವನಿಗೆ ಇಲ್ಲ ಅನ್ನೋದು ಕಷ್ಟ. ಅದಕ್ಕೆ ಹೂಂ ಅಂದರು, ಆದರೆ ಬರೆಯಲಿಲ್ಲ. ಇದು ಅವರ ತಪ್ಪಲ್ಲ. ಇಲ್ಲ ಅನ್ನೋಕೆ ನಾನು ದಾರಿಯನ್ನೇ ಬಿಟ್ಟಿರಲಿಲ್ಲ, ಅಲ್ವಾ?

ಮೂರನೇ ಸಲ ದುಡ್ಡು ಕೊಟ್ಟೆ. ಬಯೋಡಾಟಾ ಮಾಡಿಕೊಡುವ ಒಬ್ಬರು ಮೂರೂವರೆ ಸಾವಿರ ತಗೊಂಡು ಎರಡು ಪುಟದ ಪತ್ರ ಬರೆದುಕೊಟ್ಟರು. ಸಾಹೇಬರು ಸಹಿ ಮಾಡಿದರೆ ಸಾಕು ಅನ್ನೋ ಹಾಗೆ ಎಲ್ಲ ತುಂಬಿತ್ತು. ಕಳಿಸಿದ ಸಂಜೆಯೇ ಫೋನ್ ಬಂತು.

"ತಮ್ಮಾ, ಇದರಾಗ ನಾ ಎಲ್ಲಿ ಅದೇನಿ? ಅದ್ಭುತ ನಾಯಕತ್ವ ಅಂತ ಬರದೀಯಲ್ಲ, ನಾ ಹಂಗ ಎಂದರೆ ಮಾತಾಡೇನೇನು? ನಾಳೆ ಯಾರರ ಫೋನ್ ಮಾಡಿ ಕೇಳಿದ್ರ ಏನ್ ಹೇಳ್ಲಿ?"

ನನಗೆ ಸಿಟ್ಟು ಬಂತು. ಆದರೆ ರಾತ್ರಿ ಕೂತು ಯೋಚನೆ ಮಾಡಿದಾಗ ಆ ಬೈಗುಳದಲ್ಲೇ ಎಲ್ಲ ಇತ್ತು. ಅವರಿಗೆ ಬರೆಯೋ ಮನಸ್ಸಿತ್ತು, ಮೂರು ಅಡ್ಡಿ ಇದ್ದವು. ಒಂದು, ಮೂರು ವರ್ಷದ ಹಿಂದಿನ ವಿವರ ನೆನಪಿಲ್ಲ. ಎರಡು, ಯಾವ ಹೆಸರಿನಲ್ಲಿ ಬರೆಯಬೇಕು ಅನ್ನೋ ಭಯ. ಹಳೇ ಕಂಪನಿಯ ಲೆಟರ್‌ಹೆಡ್ ಮುಟ್ಟೋ ಹಾಗಿಲ್ಲ, ಈಗಿನ ಕಂಪನಿಗೂ ನನಗೂ ಸಂಬಂಧ ಇಲ್ಲ. ಮೂರು, ತಾವು ಆಡದ ಮಾತಿಗೆ ಸಹಿ ಹಾಕೋ ಮನುಷ್ಯ ಅಲ್ಲ ಅವರು. ಈ ಮೂರನ್ನೂ ತೆಗೆಯೋದೇ ನನ್ನ ಕೆಲಸ ಅಂತ ತಿಳಿಯಿತು.

ಎರಡು ತಿಂಗಳು ಸುಮ್ಮನಿದ್ದೆ. ಆಮೇಲೆ ಮತ್ತೊಂದು ಕಂಪನಿಯ ಕರೆ ಬಂದಾಗ ಫೋನ್ ಮಾಡಿದೆ. ಯಾವ ವಾರ, ಎಷ್ಟು ಹೊತ್ತಿಗೆ ಮಾಡಿದೆ ಅನ್ನೋದನ್ನ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಫೌಂಡ್ರಿಯವರು ಡಿಸ್ಪ್ಯಾಚ್ ದಿನಗಳನ್ನ ಬಿಟ್ಟು ಲೆಕ್ಕ ಹಾಕಿದರೆ ಸಿಗುತ್ತೆ. ಎರಡೇ ನಿಮಿಷ ಮಾತಾಡಿದೆ. ಪತ್ರ ಕೊಡಿ ಅನ್ನಲಿಲ್ಲ. ಹೀಗೆ ಕೇಳಿದೆ:

"ಸರ್, ಪಂಪ್ ಹೌಸಿಂಗ್‌ದ ಬ್ಲೋಹೋಲ್ ರಿಜೆಕ್ಷನ್ ಕಡಿಮಿ ಮಾಡಿದ್ವಲ್ರೀ, ಆ ಕೆಲಸದ ಬಗ್ಗೆ ನೀವು ಕಂಡಿದ್ದಷ್ಟ ಬರೀಲಿಕ್ಕ ಆಗ್ತದೇನ್ರಿ? ನಿಮ್ಮ ಸ್ವಂತ ಹೆಸರಿನಾಗ, ಖಾಲಿ ಹಾಳಿ ಮ್ಯಾಲ. ಆಗಂಗಿಲ್ಲ ಅಂದ್ರ ಈಗ ಹೇಳ್ರಿ, ಏನೂ ಬ್ಯಾಸರ ಇಲ್ಲ. ಮೆಷಿನ್ ಶಾಪ್ ಸಾಹೇಬ್ರನ್ನ ಕೇಳ್ತೇನಿ."

ಬ್ಲೋಹೋಲ್ ಅಂದರೆ ಗ್ಯಾಸ್ ಸಿಕ್ಕಿಕೊಂಡು ಎರಕದಲ್ಲಿ ಆಗೋ ತೂತು. ನಾನು ಹೇಳಿದ ಕೊನೇ ಸಾಲು ಸುಳ್ಳಲ್ಲ, ಅವರನ್ನ ಕೇಳೋಕೆ ನಾನು ತಯಾರಾಗಿಯೇ ಇದ್ದೆ. ಬೇರೆ ದಾರಿ ಇದೆ ಅಂತ ಗೊತ್ತಾದ ಕೂಡಲೇ ಸಾಹೇಬರ ದನಿ ಹಗುರಾಯಿತು. "ಆ ಹೌಸಿಂಗ್ದು ಏನು? ನೆನಪೈತಿ ನನಗ. ಕಳಿಸು, ಏನ್ ಬೇಕ ನೋಡ್ತೇನಿ" ಅಂದರು. ಇಲ್ಲಿ ದನಿ ಕೇಳಿಸಿಕೊಳ್ಳಬೇಕು. ಆ ಕೆಲಸದ ಬಗ್ಗೆ ತಾವಾಗಿ ಒಂದು ಮಾತು ಸೇರಿಸಿದರೆ ಅದು ಹೂಂ. ಬರೀ "ತಾರೀಖು, ಹುದ್ದೆ ಬರದು ಕೊಡ್ತೇನಿ" ಅಂದರೆ ಅದು ಮರ್ಯಾದೆಯಿಂದ ಹೇಳಿದ "ಇಲ್ಲ". ಅಂಥವರಿಗೆ ಥ್ಯಾಂಕ್ಸ್ ಹೇಳಿ ಬಿಡಬೇಕು, ಅಂಥ ಪತ್ರದಿಂದ ನಷ್ಟವೇ ಹೆಚ್ಚು.

ಅದೇ ರಾತ್ರಿ ಒಂದು ಮೇಲ್ ಹಾಕಿದೆ, ಒಂದೇ. ಮೊದಲು ಮೂರು ಮೂರು ಸಲ ಕಳಿಸಿ ಅವರಿಗೆ ಯಾವುದು ಕೊನೇದು ಅಂತಲೇ ತಿಳಿಯದ ಹಾಗೆ ಮಾಡಿದ್ದೆ. ಈ ಸಲ ಎರಡೇ ಫೈಲ್. ಒಂದರಲ್ಲಿ ಕಂಪನಿಯ ಜಾಹೀರಾತು, ಅದರಲ್ಲಿ ಅವರು ಕೇಳಿದ್ದ ಎರಡು ಸಾಲಿಗೆ ಹಳದಿ ಬಣ್ಣ. ಇನ್ನೊಂದರಲ್ಲಿ ಒಂದು ಪುಟದ ಕರಡು.

ಆ ಕರಡೇ ನನ್ನ ಇಡೀ ಉಪಾಯ, ಅದನ್ನ ಬಿಡಿಸಿ ಹೇಳುತ್ತೇನೆ. ಪತ್ರ ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಲೆಕ್ಕಕ್ಕೆ ಸಿಗುವ ವಿಷಯವನ್ನೆಲ್ಲ ನಾನು ತುಂಬಿದೆ. ಅಭಿಪ್ರಾಯ ಬರಬೇಕಾದ ಜಾಗ ಖಾಲಿ ಬಿಟ್ಟೆ.

"ಇವರು ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ನನ್ನ ಕೈಕೆಳಗೆ ಕ್ವಾಲಿಟಿಯಲ್ಲಿ ಇದ್ದರು. ಆಗ ನಾನು ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ. ಪಂಪ್ ಹೌಸಿಂಗ್ ಕಾಸ್ಟಿಂಗ್‌ನಲ್ಲಿ ಬ್ಲೋಹೋಲ್‌ನಿಂದ ರಿಜೆಕ್ಷನ್ ಸುಮಾರು 9% ಇತ್ತು. ಇವರು ಕಾಸ್ಟಿಂಗ್ ಕೊಯ್ದು ನೋಡಿ, ಗ್ಯಾಸ್ ಅಚ್ಚಿನ ಮರಳಿನಿಂದಲ್ಲ, ಕೋರ್‌ನಿಂದ ಬರುತ್ತಿದೆ ಅಂತ ತೋರಿಸಿದರು. ಕೋರ್‌ನ ವೆಂಟ್ ಬದಲಿಸಿದ ಮೇಲೆ ಮೂರು ತಿಂಗಳಲ್ಲಿ ಅದು ಸುಮಾರು 4% ಆಯಿತು. ಆ ಸಮಯದಲ್ಲಿ ನಾನು ಕಂಡಿದ್ದು: ______. ಇವರನ್ನ ಮತ್ತೆ ಕೆಲಸಕ್ಕೆ ತಗೊಳ್ಳುತ್ತೀರಾ ಅಂದರೆ: ______."

ಕೋರ್ ಅಂದರೆ ಎರಕದ ಒಳಗೆ ಟೊಳ್ಳು ಉಳಿಯಲಿ ಅಂತ ಅಚ್ಚಿನೊಳಗೆ ಇಡೋ ತುಂಡು, ವೆಂಟ್ ಅಂದರೆ ಅದರ ಗ್ಯಾಸ್ ಹೊರಗೆ ಹೋಗೋ ದಾರಿ. ಆದರೆ ಕೊನೆಯ ಆ ಎರಡು ಖಾಲಿ ಗೆರೆಗಳೇ ಕೆಲಸ ಮಾಡಿದ್ದು. ಪೂರ್ತಿ ತುಂಬಿದ ಪತ್ರ ಬೇರೆಯವರ ಬಾಯಿಗೆ ನಮ್ಮ ಮಾತು ತುರುಕಿದ ಹಾಗೆ. ಪೂರ್ತಿ ಖಾಲಿ ಹಾಳೆ ಕೊಟ್ಟರೆ ಯಾರೂ ಪೆನ್ನು ಎತ್ತೋದಿಲ್ಲ. ಅಂಕಿ ಕಂಡ ಕೂಡಲೇ ಅವರಿಗೆ ಆ ದಿನಗಳು ನೆನಪಾಗುತ್ತವೆ, ಆಮೇಲೆ ಎರಡು ಸಾಲು ತಾನಾಗಿ ಬರುತ್ತವೆ. ಅಂಕಿ ಮಾತ್ರ ಸುಳ್ಳಾಗಬಾರದು. ನನಗೆ 9 ಅನ್ನೋದು ಸರಿಯಾಗಿ ನೆನಪಿರಲಿಲ್ಲ. ಅದಕ್ಕೆ "ಸುಮಾರು" ಹಾಕಿ, ಪಕ್ಕದಲ್ಲಿ "ಸರ್, ನಿಮಗೆ ಬೇರೆ ನೆನಪಿದ್ದರೆ ತಿದ್ದಿ" ಅಂತ ಬರೆದೆ. ಗಿರಾಕಿಯ ಹೆಸರು, ಪಾರ್ಟ್ ನಂಬರ್ ಹಾಕಲಿಲ್ಲ. ಅವು ಹಳೇ ಕಂಪನಿಯ ಗುಟ್ಟು, ಅಂಥದ್ದಕ್ಕೆ ಯಾವ ಮ್ಯಾನೇಜರೂ ಸಹಿ ಮಾಡೋದಿಲ್ಲ.

ಮೇಲ್‌ನಲ್ಲಿ ಇನ್ನೊಂದು ನಾಲ್ಕು ಸಾಲು. ಪತ್ರ ಇಂಥ ಕಂಪನಿಗೆ ಮಾತ್ರ. ಕೊನೇ ದಿನ ತಿಂಗಳ 28, ನೀವು 20ರೊಳಗೆ ಕೊಟ್ಟರೆ ಸಾಕು. ಸಹಿ ಮಾಡಿ ಫೋಟೋ ಬೇಡ, ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ, ಆಗದಿದ್ದರೆ ನಾನೇ ಬಂದು ತಗೊಂಡು ಹೋಗುತ್ತೇನೆ. ನಿಮ್ಮ ನಂಬರ್ ಅವರಿಗೆ ಕೊಡಬಹುದಾ ಅಂತ ಕೊನೇದು. ಈ ನಂಬರ್ ವಿಷಯ ಕೇಳದೆ ಕೊಡಬಾರದು. ಗೊತ್ತಿಲ್ಲದ ನಂಬರ್‌ನಿಂದ ಕರೆ ಬಂದರೆ ಯಾರು ಎತ್ತುತ್ತಾರೆ?

ಇನ್ನು ಲೆಟರ್‌ಹೆಡ್ ವಿಷಯ. ಖಾಲಿ ಹಾಳೆಯ ಮೇಲೆ ಅವರ ಹೆಸರು, ಆಗಿನ ಹುದ್ದೆ, ಈಗಿನ ಹುದ್ದೆ, ನನ್ನ ಕೆಲಸ ಎಷ್ಟು ವರ್ಷ ನೋಡಿದರು, ಇಷ್ಟಿದ್ದರೆ ಸಾಕಾಯಿತು. ಜೊತೆಗೆ ಎಚ್‌ಆರ್‌ನ ರಿಲೀವಿಂಗ್ ಲೆಟರ್ ಇಟ್ಟೆ. ತಾರೀಖನ್ನ ಅದು ಸಾಬೀತು ಮಾಡುತ್ತೆ, ಕೆಲಸವನ್ನ ಇದು ಹೇಳುತ್ತೆ. ಆದರೆ ಎಲ್ಲ ಕಡೆ ಇದು ನಡೆಯೋದಿಲ್ಲ. ನನ್ನ ಮಾವನ ಮಗ ಬಾಗಲಕೋಟೆಯವನು, ಕೆನಡಾದಲ್ಲಿ ಕಾಯಂ ನೆಲೆಸೋ ಪಿಆರ್‌ಗೆ ಅರ್ಜಿ ಹಾಕುವಾಗ ಇದೇ ಕರಡು ಕೊಡು ಅಂದ. ಅಲ್ಲಿ ಅಧಿಕಾರಿಗಳು ಕೇಳೋದು ಕಂಪನಿಯ ಲೆಟರ್‌ಹೆಡ್ ಮೇಲೆ ಹುದ್ದೆ, ಮುಖ್ಯ ಕೆಲಸಗಳು, ವಾರಕ್ಕೆ ಎಷ್ಟು ತಾಸು, ಸಂಬಳ, ತಾರೀಖು. ಹೊಗಳಿಕೆ ಬೇಕಾಗಿಯೇ ಇಲ್ಲ. ಅವನಿಗೆ ಖಾಲಿ ಗೆರೆ ತೆಗೆದು ಕೆಲಸಗಳ ಪಟ್ಟಿ ಮಾಡಿಕೊಟ್ಟೆ. ಅದನ್ನ ಎಚ್‌ಆರ್‌ಗೇ ಕಳಿಸಿದ, ವಾರದೊಳಗೆ ಸಹಿ ಬಂತು.

ಇನ್ನೊಂದು ಪ್ರಯೋಗ ವಿಜಯಪುರದ ಗೆಳತಿಯದ್ದು. ಅವಳು ಮಾಸ್ಟರ್ಸ್‌ಗೆ ಹೊರದೇಶದಲ್ಲಿ ಅರ್ಜಿ ಹಾಕಿದ್ದಳು. ಅಲ್ಲಿ ಹೆಚ್ಚಾಗಿ ಪತ್ರ ನಮ್ಮ ಕೈಗೆ ಬರೋದಿಲ್ಲ, ಯೂನಿವರ್ಸಿಟಿ ಸೀದಾ ಮ್ಯಾನೇಜರ್‌ಗೆ ಲಿಂಕ್ ಕಳಿಸುತ್ತೆ. ಆ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದು ಒಂಬತ್ತು ದಿನ ಹೋಯಿತು. ಅಲ್ಲಿಂದೀಚೆಗೆ ನಾನು ಯಾರಿಗೆ ಹೇಳಿದರೂ, ಲಿಂಕ್ ಬರೋ ದಿನ ಮ್ಯಾನೇಜರ್‌ಗೆ ಫೋನ್ ಮಾಡಿ ಸ್ಪ್ಯಾಮ್ ನೋಡಿಸಿ ಅನ್ನುತ್ತೇನೆ. ಮ್ಯಾನೇಜರ್‌ನ ಆಫೀಸ್ ಮೇಲ್ ಇದ್ದರೆ ಅದನ್ನೇ ಕೊಡಿ. ಜಿಮೇಲ್ ಕೊಟ್ಟರೆ ಕೆಲವು ಕಡೆ ತಕರಾರು ತೆಗೆಯುತ್ತಾರೆ.

ನನ್ನ ಪತ್ರ ಆರನೇ ದಿನ ಬಂತು, 20ಕ್ಕೆ ಇನ್ನೂ ಟೈಮ್ ಇರುವಾಗಲೇ. ನಡುವೆ ಒಂದೇ ಸಲ ನೆನಪಿಸಿದ್ದೆ, ಅದನ್ನ ಹೇಗೆ ಮಾಡಿದೆ ಅಂತ ಬರೆಯೋದಿಲ್ಲ, ಅದರಲ್ಲಿ ಪತ್ರ ಅನ್ನೋ ಮಾತೇ ಇರಲಿಲ್ಲ ಅಂತ ಮಾತ್ರ ಹೇಳುತ್ತೇನೆ. ಮೊದಲ ಖಾಲಿ ಗೆರೆಯಲ್ಲಿ ಸಾಹೇಬರು ಬರೆದದ್ದು ನನಗೇ ಮರೆತುಹೋಗಿತ್ತು. ಒಂದು ಶನಿವಾರ ರಾತ್ರಿ ಮೋಲ್ಡಿಂಗ್‌ನವರೆಲ್ಲ ಮರಳಿನ ತೇವದ ಮೇಲೆ ಜಗಳ ಆಡುತ್ತಿದ್ದಾಗ, ನಾನು ನಲವತ್ತು ಕಾಸ್ಟಿಂಗ್ ಕೊಯ್ಯಿಸಿ ನೆಲದ ಮೇಲೆ ಸಾಲಾಗಿ ಇಟ್ಟೆನಂತೆ. ತೂತು ಎಲ್ಲವೂ ಕೋರ್‌ನ ಬದಿಗೇ ಇದ್ದವಂತೆ. ಯಾರಿಗೂ ಎದುರು ಮಾತಾಡದೆ ಜಗಳ ನಿಲ್ಲಿಸಿದ ಹುಡುಗ ಅಂತ ಬರೆದಿದ್ದರು. ಎರಡನೇ ಗೆರೆಯಲ್ಲಿ ಒಂದೇ ಸಾಲು: ನನ್ನ ಈಗಿನ ಯೂನಿಟ್‌ನಲ್ಲಿ ಜಾಗ ಇದ್ದಿದ್ದರೆ ನಿಮಗೆ ಈ ಪತ್ರ ಬರುತ್ತಿರಲಿಲ್ಲ.

ಮೂರೂವರೆ ಸಾವಿರ ಕೊಟ್ಟರೂ ಅಂಥ ಸಾಲು ಸಿಗೋದಿಲ್ಲ. ಆ ಕಂಪನಿಯವರು ಫೋನ್ ಮಾಡಿ ಸಾಹೇಬರನ್ನ ಕೇಳಿದ್ದು ಆ ನಲವತ್ತು ಕಾಸ್ಟಿಂಗ್ ಬಗ್ಗೆಯೇ, ಹತ್ತು ನಿಮಿಷ. ಲೆಟರ್‌ಹೆಡ್ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಸಂಬಳ ಸುಮಾರು ಹದಿಮೂರು ಸಾವಿರ ಜಾಸ್ತಿ ಆಯಿತು, ಮೊದಲು ಕಳಕೊಂಡದ್ದಕ್ಕಿಂತ ಹೆಚ್ಚು.

ಆಫರ್ ಬಂದ ದಿನವೇ ಸಾಹೇಬರಿಗೆ ತಿಳಿಸಿದೆ. ಹೋದ ತಿಂಗಳು ಅವರದೇ ಫೋನ್ ಬಂತು. "ನಿನ್ನ ಜೋಡಿ ಇದ್ದ ಆ ಮೆಲ್ಟಿಂಗ್ ಹುಡುಗಗ ಪತ್ರ ಬೇಕಂತ. ಆ ಖಾಲಿ ಗೆರಿ ಇದ್ದ ಹಾಳಿ ಕಳಿಸು" ಅಂದರು. ಆ ಹುಡುಗನ ಹೀಟ್ ಲಾಗ್‌ನ, ಅಂದರೆ ಲೋಹ ಕರಗಿಸಿದ ದಾಖಲೆಯ, ಅಂಕಿಗಳನ್ನ ಕೇಳಿ ತುಂಬಿ, ರಾತ್ರಿ ಊಟಕ್ಕೆ ಮುಂಚೆ ಕಳಿಸಿದೆ.