ಕಾವಿನ ಪೆಟ್ಟಿಗೆಗೆ ನಿಯಂತ್ರಕ: ಶಾಖ, ತೇವಾಂಶ ಮತ್ತು ಮೊಟ್ಟೆ ಹೊರಳಿಸುವ ಮೋಟಾರು

ಸುಮಾರು ನಲವತ್ತು ನಾಟಿಕೋಳಿ ಮೊಟ್ಟೆ ಹಿಡಿಯುವ, ಒಳಗೆ ಫ್ಯಾನ್ ಇರುವ ಥರ್ಮೋಕೋಲ್ ಪೆಟ್ಟಿಗೆಗೆ ಆರ್ಡುಯಿನೊ ಬೋರ್ಡಿನಿಂದ ನಿಯಂತ್ರಕ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಅಷ್ಟೂ ದಿನ ಪೆಟ್ಟಿಗೆಯೊಳಗಿನ ಗಾಳಿ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು.

ಮೊದಲು ಸೆನ್ಸರಿನ ಜಾಗವನ್ನು ಗೊತ್ತುಮಾಡಿಕೊಳ್ಳಿ. ನನ್ನ ಮೊದಲ ಪೆಟ್ಟಿಗೆಯಲ್ಲಿ ಸೆನ್ಸರನ್ನು ಮುಚ್ಚಳದ ಒಳಬದಿಗೆ, ಬಲ್ಬಿನ ಬೆಳಕು ನೇರವಾಗಿ ಬೀಳುವಲ್ಲಿ ಅಂಟಿಸಿದ್ದೆ. ಪರದೆಯ ಮೇಲೆ ಸರಿಯಾದ ಅಂಕಿಯೇ ಕಾಣುತ್ತಿತ್ತು, ಆದರೆ ಕೆಳಗಿದ್ದ ಮೊಟ್ಟೆಗಳಿಗೆ ಕಾವು ಸಾಲದೆ 23ನೇ ದಿನ ಕೆಲವೇ ಮರಿಗಳು ಹೊರಬಂದವು. ಸೆನ್ಸರು ಮೊಟ್ಟೆಗಳ ನೆತ್ತಿಯ ಮಟ್ಟದಲ್ಲಿ ತೂಗಬೇಕು, ಬಲ್ಬಿಗೂ ಅದಕ್ಕೂ ನಡುವೆ ತಗಡಿನ ಮರೆ ಇರಬೇಕು. ಅಂಕಿ ನಿಜವೇ ಎಂದು ನೋಡಲು ನೀರು ತುಂಬಿದ ಚಿಕ್ಕ ಬಾಟಲಿಯೊಂದನ್ನು ಮೊಟ್ಟೆಗಳ ಜಾಗದಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಆ ನೀರಿನ ಶಾಖವನ್ನು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನಿಂದ ಅಳೆಯಿರಿ. ನೀರು ಮೊಟ್ಟೆಯಂತೆಯೇ ನಿಧಾನವಾಗಿ ಬಿಸಿಯಾಗುವುದರಿಂದ ಈ ಅಳತೆಯನ್ನು ನಂಬಬಹುದು. ಎರಡರ ನಡುವೆ ವ್ಯತ್ಯಾಸ ಕಂಡರೆ ಅಷ್ಟನ್ನು ಪ್ರೋಗ್ರಾಮಿನಲ್ಲಿ ಕೂಡಿಸಿ ಅಥವಾ ಕಳೆಯಿರಿ.

ಮುಂದಿನದು ಶಾಖದ ಹತೋಟಿ. 37.5 ಮುಟ್ಟಿದ ಕೂಡಲೇ ಬಲ್ಬನ್ನು ಆರಿಸುವುದೊಂದನ್ನೇ ಮಾಡಿದರೆ, ಆರಿದ ಮೇಲೂ ಬಲ್ಬಿನಲ್ಲಿ ಉಳಿದ ಬಿಸಿ ಗಾಳಿಗೆ ಸೇರಿ ಶಾಖ ಮಿತಿ ದಾಟುತ್ತದೆ, ಆಮೇಲೆ ಅಷ್ಟೇ ಕೆಳಕ್ಕೂ ಇಳಿಯುತ್ತದೆ. ಅದರ ಬದಲು ಪ್ರತಿ ಹತ್ತು ಸೆಕೆಂಡಿನಲ್ಲಿ ಎಷ್ಟು ಹೊತ್ತು ಬಲ್ಬು ಉರಿಯಬೇಕೆಂಬುದನ್ನು ಶಾಖದ ಕೊರತೆಗೆ ತಕ್ಕಂತೆ ಲೆಕ್ಕ ಹಾಕಿಸಿ:

```
float p = (37.8 - t) / 0.6;
p = constrain(p, 0, 1);
if (isnan(t)) p = 0;
digitalWrite(HEATER, (millis() % 10000) < p * 10000);
```

ಶಾಖ 37.2ಕ್ಕಿಂತ ಕೆಳಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, 37.5 ಇದ್ದಾಗ ಹತ್ತರಲ್ಲಿ ಐದು ಸೆಕೆಂಡು ಉರಿಯುತ್ತದೆ, 37.8 ತಲುಪಿದರೆ ಆರಿರುತ್ತದೆ. ಸೆನ್ಸರಿನ ತಂತಿ ಕಳಚಿ ಅಳತೆ ಬಾರದಿದ್ದರೆ ಮೂರನೆಯ ಸಾಲು ಬಲ್ಬನ್ನು ಆರಿಸಿಬಿಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ಎಂದರೆ 21 ದಿನಕ್ಕೆ 1,81,440 ಸಲ ಹಚ್ಚಿ ಆರಿಸಿದಂತಾಗುತ್ತದೆ. ಟಕ್ಕೆನ್ನುವ ಸಾಮಾನ್ಯ ರಿಲೇಗೆ ಇಷ್ಟು ತಾಳಿಕೆ ಇರುವುದಿಲ್ಲವಾದ್ದರಿಂದ ಸಾಲಿಡ್ ಸ್ಟೇಟ್ ರಿಲೇ ಹಾಕಿ. ಆದರೆ ಅದು ಕೆಟ್ಟಾಗ ಹೆಚ್ಚಾಗಿ ಬಲ್ಬು ಹತ್ತಿಕೊಂಡೇ ಉಳಿಯುವಂತೆ ಕೆಡುತ್ತದೆ. ಆದ್ದರಿಂದ 39 ಡಿಗ್ರಿಯ ಹತ್ತಿರ ಸಂಪರ್ಕ ಕಡಿಯುವ ಪ್ರತ್ಯೇಕ ಥರ್ಮೋಸ್ಟಾಟ್ ಒಂದನ್ನು ಬಲ್ಬಿನ ತಂತಿಯಲ್ಲೇ ಸರಣಿಯಾಗಿ ಸೇರಿಸುವುದನ್ನು ಬಿಡಬೇಡಿ.

ತೇವಾಂಶಕ್ಕೆ ಅಗಲವಾದ ನೀರಿನ ತಟ್ಟೆ ಮತ್ತು ಅದರ ಮೇಲೆ ಬೀಸುವ ಸಣ್ಣ ಫ್ಯಾನ್ ಸಾಕು: 50 ಶೇಕಡಕ್ಕಿಂತ ಇಳಿದಾಗ ಫ್ಯಾನ್ ತಿರುಗಲಿ, 55 ದಾಟಿದಾಗ ನಿಲ್ಲಲಿ. ತೇವಾಂಶ ಹೆಚ್ಚಿಸಲೆಂದು ಗಾಳಿಯ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ಮರಿ ಉಸಿರಾಡುವುದು ಅವುಗಳಿಂದಲೇ. ಸೆನ್ಸರಿನ ತೇವಾಂಶದ ಅಂಕಿಗಿಂತ ನಾನು ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಮೊಟ್ಟೆಯೊಳಗಿನ ನೀರು ಚಿಪ್ಪಿನ ಮೂಲಕ ಆವಿಯಾಗುತ್ತಾ 18 ದಿನಕ್ಕೆ ಸುಮಾರು 12 ಶೇಕಡ ತೂಕ ಇಳಿಯಬೇಕು. ಹತ್ತು ಮೊಟ್ಟೆ ಮೊದಲ ದಿನ 550 ಗ್ರಾಂ ತೂಗಿದರೆ 9ನೇ ದಿನ 517, 18ನೇ ದಿನ 484 ಗ್ರಾಂ ಇರಬೇಕು. 9ನೇ ದಿನ 530 ಗ್ರಾಂ ಕಂಡಿತೆಂದರೆ ತೇವ ಹೆಚ್ಚಾಗಿದೆ ಎಂದೇ ಅರ್ಥ. ಆಗ ಮಿತಿಯನ್ನು 40ರಿಂದ 45 ಶೇಕಡಕ್ಕೆ ಇಳಿಸಿ, ಮೂರು ದಿನ ಬಿಟ್ಟು ಮತ್ತೆ ತೂಗಿ ನೋಡಿ.

ಮೊಟ್ಟೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಹೇಂಟೆ ಕೊಕ್ಕಿನಿಂದ ಮಾಡುವ ಈ ಹೊರಳಿಸುವ ಕೆಲಸವನ್ನು ನಿಮಿಷಕ್ಕೆ ಎರಡೂವರೆ ಸುತ್ತು ತಿರುಗುವ ಸಿಂಕ್ರೊನಸ್ ಮೋಟಾರಿಗೆ ವಹಿಸಬಹುದು. ಇಂಥ ಮೋಟಾರು ಯಾವ ದಿಕ್ಕಿಗೆ ಹೊರಡುತ್ತದೆಂದು ಹೇಳಲಾಗದು. ಕ್ರ್ಯಾಂಕಿನ ಮೂಲಕ ಟ್ರೇಗೆ ಜೋಡಿಸಿದರೆ ಯಾವ ದಿಕ್ಕಾದರೂ ಅರ್ಧ ಸುತ್ತಿಗೆ ಟ್ರೇ ಒಂದು ಬದಿಯ 45 ಡಿಗ್ರಿ ಓರೆಯಿಂದ ಇನ್ನೊಂದು ಬದಿಯ 45 ಡಿಗ್ರಿಗೆ ಬರುತ್ತದೆ. ಇದಕ್ಕೆ 12 ಸೆಕೆಂಡು ಹಿಡಿಯುತ್ತದೆ. ಆದರೂ ಮೋಟಾರನ್ನು ನಿಲ್ಲಿಸುವುದು ಗಡಿಯಾರವಲ್ಲ, ಎರಡೂ ತುದಿಯಲ್ಲಿರುವ ಮೈಕ್ರೊಸ್ವಿಚ್ಚುಗಳಾಗಬೇಕು. 20 ಸೆಕೆಂಡು ಕಳೆದರೂ ಸ್ವಿಚ್ಚು ಒತ್ತಲ್ಪಡದಿದ್ದರೆ ಟ್ರೇ ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿದು ನಿಯಂತ್ರಕ ಮೋಟಾರಿನ ವಿದ್ಯುತ್ ಕಡಿದು ಗಂಟೆ ಬಾರಿಸಲಿ.

ಎರಡು ಗಂಟೆಗೊಮ್ಮೆ ಹೊರಳಿಸಿದರೆ ಸಾಕು. ಸಮಯವನ್ನು ಬೋರ್ಡಿನ `millis()` ಎಣಿಕೆಗೆ ಬಿಟ್ಟರೆ ಕರೆಂಟು ಹೋಗಿ ಬಂದಾಗಲೆಲ್ಲ ಅದು ಸೊನ್ನೆಯಿಂದ ಶುರುವಾಗಿ, ಇಂದು ಎಷ್ಟನೇ ದಿನವೆಂಬುದೇ ತಪ್ಪಿಹೋಗುತ್ತದೆ. ಬ್ಯಾಟರಿಯಿರುವ ಗಡಿಯಾರದ ಚಿಪ್ ಸೇರಿಸಿ, ಮೊಟ್ಟೆ ಇಟ್ಟ ದಿನಾಂಕವನ್ನು ಬೋರ್ಡಿನ ಈಈಪ್ರಾಮ್ ನೆನಪಿನಲ್ಲಿ ಬರೆಸಿಡಿ.

ಈ ದಿನದ ಲೆಕ್ಕ ಮುಖ್ಯವಾಗಿ ಬೇಕಾಗುವುದು 18ನೇ ದಿನಕ್ಕೆ. ಅಂದು ಟ್ರೇಯನ್ನು ಸಮತಟ್ಟಾಗಿಸಿ ಮೋಟಾರನ್ನು ನಿಲ್ಲಿಸಬೇಕು, ಏಕೆಂದರೆ ಮರಿ ಕೊಕ್ಕನ್ನು ಗಾಳಿಗೂಡಿನ ಕಡೆಗೆ ತಿರುಗಿಸಿಕೊಳ್ಳುವ ಹೊತ್ತು ಅದು. ತೇವಾಂಶದ ಮಿತಿಯನ್ನು 65-70 ಶೇಕಡಕ್ಕೆ ಏರಿಸಿ, ಅಲ್ಲಿಂದ ಮುಂದೆ ಮುಚ್ಚಳ ತೆರೆಯಬೇಡಿ; ತೆರೆದರೆ ತೇವ ಒಮ್ಮೆಲೇ ಇಳಿದು, ಚಿಪ್ಪು ಒಡೆಯುತ್ತಿರುವ ಮರಿಯ ಮೈಗೆ ಪೊರೆ ಒಣಗಿ ಬಿಗಿದುಕೊಳ್ಳುತ್ತದೆ. ಮರಿಗಳೆಲ್ಲ ಹೊರಬಂದ ಮೇಲೆ ಸೆನ್ಸರಿನ ಜಾಲರಿಗೆ ಅಂಟಿದ ಪುಕ್ಕದ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಬಾಟಲಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಯೇ ಮುಂದಿನ ಮೊಟ್ಟೆಗಳನ್ನು ಇಡಿ.